ಅಂಗೈಯಲ್ಲಿ ಎದ್ದ ಗುಳ್ಳೆ

ತೊಂಬತ್ತರ ದಶಕದಲ್ಲಿ ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೊದಲ ಬೇಸಿಗೆಯಲ್ಲೇ ನನ್ನ ಅಂಗೈಯಲ್ಲೂ ಬೆರಳುಗಳ ಪಕ್ಕದಲ್ಲೂ ಸಾಬೂದಾಣಿಯಂಥ ಸಣ್ಣ ನೀರುಗುಳ್ಳೆಗಳು ಎದ್ದವು. ತುರಿಕೆಗೆ ಜೀವ ಹೋಗುತ್ತಿತ್ತು. ನಾದಿನಿಯ ಮದುವೆಗೆ ರೊಟ್ಟಿ ಬಡಿಯಲು ಬಂದ ಓಣಿಯ ಹೆಂಗಸರು ಅದನ್ನು ಕಜ್ಜಿ ಎಂದು ನನ್ನನ್ನು ಹಿಟ್ಟಿನ ಹತ್ತಿರ ಬಿಡಲಿಲ್ಲ. ಸಿಟ್ಟಿಗೆದ್ದು ಅಷ್ಟೂ ಪಾತ್ರೆ ತಿಕ್ಕಿದೆ. ಸೋಪಿನ ನೀರಿಗೆ ಕೈ ಮತ್ತಷ್ಟು ಉರಿಯಿತು.

ಮರುದಿನ ಅತ್ತೆ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಬರಿಗೈಯಲ್ಲೇ ನನ್ನ ಬೆರಳು ಅಗಲಿಸಿ ನೋಡಿ, ಮನೆಯಲ್ಲಿ ಬೇರೆ ಯಾರಿಗೂ ತುರಿಕೆ ಇಲ್ಲವೆಂದು ಕೇಳಿ ತಿಳಿದುಕೊಂಡರು.

"ಇದು ಕಜ್ಜಿ ಅಲ್ರಿ. ಪಾಂಫೋಲಿಕ್ಸ್ ಅಂತ, ಒಂದು ನಮೂನಿ ಇಸುಬು. ಯಾರಿಗೂ ಹತ್ತೂದಿಲ್ಲ. ಗುಳ್ಳಿ ಒಡೀಬ್ಯಾಡ್ರಿ, ಮುಲಾಮು ಹಚ್ರಿ, ಸೋಪಿನ ನೀರಾಗ ಕೈ ಹಾಕಬ್ಯಾಡ್ರಿ. ಸೆಕಿಗೆ, ಚಿಂತಿಗೆ ಮತ್ತ ಏಳಬಹುದು."

ಮನೆಗೆ ಬಂದರೆ ಹೆಂಗಸರು ಇನ್ನೂ ರೊಟ್ಟಿ ಬಡಿಯುತ್ತಿದ್ದರು. ಅತ್ತೆ ಅವರ ನಡುವೆಯೇ ಕೂತು, ಒಂದು ಬಿಸಿ ರೊಟ್ಟಿಯನ್ನೂ ಮೊಸರನ್ನೂ ನನ್ನ ಮುಂದೆ ಸರಿಸಿದರು. "ನಿನ್ನ ಕೈಲೆ ನನಗೊಂದು ತುತ್ತು ಹಾಕವಾ" ಎಂದು ಓಣಿಯ ಎದುರೇ ಬಾಯಿ ತೆರೆದರು.

ಬೇಸಿಗೆ ಬಂದರೆ ಗುಳ್ಳೆಗಳು ಈಗಲೂ ಏಳುತ್ತವೆ. ಆ ತುತ್ತಿನ ನಂತರ ಮಾತ್ರ ನಾನು ಈ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿಲ್ಲ.