ವೀಬ್ಕೆ ಸೇರಿಸಿದ ಕೊನೆಯ ಸಾಲು

ಹ್ಯಾಂಬರ್ಗಿನ ಮನೆಮಾಲೀಕರ ಸಂಘದಲ್ಲಿ ವೀಬ್ಕೆ ಇಪ್ಪತ್ತು ವರ್ಷದಿಂದ ಮಾಲೀಕರ ಸಿಟ್ಟಿನ ಪತ್ರಗಳನ್ನು ತಿದ್ದಿಕೊಡುತ್ತಿದ್ದಳು. ಮುದುಕ ಲೂಡರ್ಸ್ ತನ್ನ ಬಾಡಿಗೆದಾರನಿಗೆಂದು ಬರೆದು ತಂದ ಪತ್ರದಲ್ಲಿ, "ಶುಕ್ರವಾರದೊಳಗೆ ಬಾಡಿಗೆ ಕೊಡದಿದ್ದರೆ ಬೀಗ ಬದಲಿಸಿ ಸಾಮಾನು ಬೀದಿಗೆಸೆಯುತ್ತೇನೆ" ಎಂದಿತ್ತು.

"ಬೀಗ ಮುಟ್ಟಿದ್ರೆ ಕೋರ್ಟಲ್ಲಿ ನಿಲ್ಲೋರು ನೀವೇ, ಲೂಡರ್ಸ್ ಅವರೇ," ಎಂದ ವೀಬ್ಕೆ ಹೊಸದಾಗಿ ಬರೆದಳು: "ಮಾರ್ಚ್, ಏಪ್ರಿಲ್ ಬಾಡಿಗೆ ಬಂದಿಲ್ಲ. ಹದಿನೈದನೇ ತಾರೀಖಿನೊಳಗೆ ಕೊಡಿ, ಇಲ್ಲವಾದರೆ ಕಾನೂನಿನಂತೆ ಕರಾರು ರದ್ದುಪಡಿಸುವೆ. ತೊಂದರೆಯಿದ್ದರೆ ಫೋನ್ ಮಾಡಿ."

"ಫೋನ್ ಯಾಕೆ? ಗೋಳು ಕೇಳೋಕಾ?"

"ಆ ಸಾಲು ಬೇಡ ಅಂದ್ರೆ ಬೇರೆ ಕಡೆ ಬರೆಸ್ಕೊಳ್ಳಿ."

ಬಾಡಿಗೆದಾರ ಫೋನ್ ಮಾಡಿದ. ಬಾಡಿಗೆ ಹೆಂಡತಿಯ ಖಾತೆಯಿಂದ ತಾನಾಗಿ ಹೋಗುತ್ತಿತ್ತಂತೆ. ಫೆಬ್ರವರಿಯಲ್ಲಿ ಅವಳು ತೀರಿಕೊಂಡ ಮೇಲೆ ಅದು ನಿಂತದ್ದು ಅವನಿಗೆ ಗೊತ್ತೇ ಇರಲಿಲ್ಲ.

ಮರುದಿನ ಲೂಡರ್ಸ್ ಸಂತಾಪದ ಪತ್ರ ಬರೆಸಲು ಬಂದ.

"ಇದನ್ನ ನೀವೇ ಬರೀಬೇಕು," ಎಂದು ವೀಬ್ಕೆ ಪೆನ್ನು ಮುಂದಿಟ್ಟಳು.

ಕಚೇರಿ ಮುಚ್ಚುವವರೆಗೂ ಆತ ಕೂತಿದ್ದ. ಹಾಳೆಯಲ್ಲಿ "ಮಾನ್ಯರೇ" ಎಂಬುದೊಂದೇ ಇತ್ತು.