ಮೂರು ಗ್ರೇನೂ ತೂಗದ ಗುಳಿಗೆ

ನನಗೆ ಫ್ರೆಂಚ್ ಬರುತ್ತದೆ ಎಂಬ ಸುದ್ದಿಯನ್ನು ಲಿಂಗಸೂಗೂರಿನಲ್ಲಿ ಹಬ್ಬಿಸಿದವನು ನಾನೇ. ಮದ್ರಾಸಿನ ಕಾಲೇಜಿನಲ್ಲಿ ಎರಡು ವರ್ಷ ಅದನ್ನು ಓದಿ, ಪರೀಕ್ಷೆಯನ್ನು ಹೇಗೋ ದಾಟಿಕೊಂಡಿದ್ದೆ. ನಿಜಾಮರ ರಾಜ್ಯದ ಈ ಊರಿಗೆ ಇಂಗ್ಲಿಷ್ ಮಾಸ್ತರನಾಗಿ ಬಂದ ಮೇಲೆ, ಕಚೇರಿಯವರು ಉರ್ದುವಿನಲ್ಲಿ ಮೆರೆದರೆ ನಾನು ಫ್ರೆಂಚಿನಲ್ಲಿ ಮೆರೆಯುತ್ತಿದ್ದೆ. ತಪ್ಪು ಹಿಡಿಯುವವರು ಯಾರೂ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ.

ಆ ಗೌಡಿಕೆಗೆ ಕುತ್ತು ಬಂದದ್ದು ನನ್ನ ಅಕ್ಕನ ಗಂಡನಿಂದ. ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಭಾವ, ಗಿರಣಿ ಬಟ್ಟೆ ತರಲು ಪಾಂಡಿಚೇರಿಗೆ ಹೋದವನು ಅಲ್ಲಿಯ ಬಜಾರಿನಲ್ಲೇ ಕೈಕಾಲು ಸೆಟೆದು ಬಿದ್ದ. ಫ್ರೆಂಚರ ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡು, ಬಿಡುವಾಗ ಒಂದು ಹಾಳೆಯನ್ನೂ ಒಂದು ಸೀಸೆ ಗುಳಿಗೆಯನ್ನೂ ಕೊಟ್ಟು ಕಳಿಸಿದ್ದರು. ಅಕ್ಕ ನನಗೆ ಹೇಳಿ ಕಳಿಸುವ ಹೊತ್ತಿಗೆ ಸೀಸೆಯಲ್ಲಿ ಏಳು ಗುಳಿಗೆ ಉಳಿದಿದ್ದವು. ಬೆಳಿಗ್ಗೆ ಒಂದು, ರಾತ್ರಿ ಒಂದು. ಹಾಳೆಯ ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದರು: ಈ ಔಷಧವನ್ನು ಒಮ್ಮೆಲೇ ನಿಲ್ಲಿಸಬಾರದು.

"ತಮ್ಮಾ, ನೀ ಇದನ್ನ ಇಂಗ್ಲಿಷ್ ಮಾಡಿಕೊಟ್ರ ಲಿಂಗಸೂಗೂರು ದವಾಖಾನ್ಯಾಗ ಗುಳಿಗಿ ಕೊಡ್ತಾರ. ನಿನ್ನ ಬಿಟ್ರ ಯಾರದಾರ ನನಗ?" ಎಂದಳು ಅಕ್ಕ.

ಹೆದರಿಕೆ ಆಯಿತು. ತೋರಿಸಿಕೊಳ್ಳಲಿಲ್ಲ. ಪುಟ್ಟ ಶಬ್ದಕೋಶ ಹಿಡಿದು ಅವಳ ಪಡಸಾಲೆಯಲ್ಲಿ ಕೂತೆ. ಅರ್ಧ ಹಾಳೆ ಬರೀ ಮೊಟಕು ಅಕ್ಷರಗಳೇ. 'ಸಿ.ಪಿ.' ಎಂದರೆ ಗುಳಿಗೆ, ಅದು ತಿಳಿಯಿತು. ಎದೆ, ಪುಪ್ಪುಸಗಳ ಮುಂದೆ 'ಆರ್.ಎ.ಎಸ್.' ಎಂದಿತ್ತು, 'ಹೇಳುವಂಥದ್ದೇನೂ ಇಲ್ಲ' ಎಂದು ಬಿಡಿಸಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ರೋಗದ ಹೆಸರಿಗೆ ಮಾತ್ರ ನನ್ನ ಶಬ್ದಕೋಶ 'ಸಭೆಗೆ ಸಂಬಂಧಿಸಿದ' ಎಂಬ ಅರ್ಥ ಕೊಟ್ಟಿತು. ಹಾಗೇ 'ಸಭೆಯ ಬಿಕ್ಕಟ್ಟು' ಎಂದು ಇಂಗ್ಲಿಷಿನಲ್ಲಿ ಬರೆದುಬಿಟ್ಟೆ. ಬಜಾರಿನಲ್ಲಿ ಬಿದ್ದವನಿಗೆ ಸಭೆಯಾದರೂ ಎಲ್ಲಿಂದ ಬಂತು ಎಂದು ಯೋಚಿಸಲಿಲ್ಲ.

ಔಷಧದ ಹೆಸರು ಗಾರ್ಡೆನಾಲ್. ಅದರ ಕೆಳಗೆ ಮಾರುದ್ದದ ರಸಾಯನದ ಹೆಸರು. ಅದನ್ನು ಅಕ್ಷರಕ್ಕೆ ಅಕ್ಷರ ಇಳಿಸಿದೆ. ಪ್ರಮಾಣ ಬರೆದ ರೀತಿ ವಿಚಿತ್ರವಾಗಿತ್ತು: ಮೊದಲು ಸೊನ್ನೆ, ನಡುವೆ 'ಜಿ.ಆರ್.', ಆಮೇಲೆ ಹತ್ತು. ನಮ್ಮ ದವಾಖಾನೆಯ ಚೀಟಿಗಳಲ್ಲಿ ಗ್ರೇನ್ ತೂಕಕ್ಕೆ 'ಜಿ.ಆರ್.' ಮೊದಲು, ಅಂಕಿ ಆಮೇಲೆ ಇರುವುದನ್ನು ನೋಡಿದ್ದೆ. ಸೊನ್ನೆ ಸುಮ್ಮನೆ ಕೂತಿದೆ ಎನಿಸಿತು. ಅದನ್ನು ಬಿಟ್ಟು, ಚಂದವಾಗಿ 'ಜಿ.ಆರ್. 10' ಎಂದು ಬರೆದೆ. ಒಂದು ಪ್ರತಿ ಅಕ್ಕನಿಗೆ, ಒಂದು ದವಾಖಾನೆಗೆ.

ಮರುದಿನ ಬೆಳಿಗ್ಗೆ ಲಿಂಗಸೂಗೂರಿನ ದವಾಖಾನೆಗೆ ಹೋದರೆ ಡಾಕ್ಟರ್ ಸಾಹೇಬರು ಸಿಂಧನೂರಿಗೆ ತಪಾಸಣೆಯ ದೌರೆ ಹೋಗಿದ್ದರು. ಅವರಿಲ್ಲದಾಗ ಹೊರಗಿನ ಡಾಕ್ಟರರ ಚೀಟಿ ನೋಡಿ ಕಂಪೌಂಡರೇ ಪುಡಿ ಕಟ್ಟಿಕೊಡುವುದು ರೂಢಿ. ಈ ಕಂಪೌಂಡರು ಬಿಳಿ ಗಡ್ಡದ ಮುಸಲ್ಮಾನರು. ಅವರದೊಂದು ಹಟ ಊರಿಗೆಲ್ಲ ಗೊತ್ತಿತ್ತು: ಬೇರೆ ಊರಿನ ಔಷಧ ಬೇಕಾದರೆ ಮೂಲ ಕಾಗದ, ಜೊತೆಗೆ ಒಂದು ಗುಳಿಗೆ ತರಲೇಬೇಕು. ಅದಕ್ಕೇ ಅಕ್ಕ ಒಂದು ಗುಳಿಗೆಯನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿಕೊಟ್ಟಿದ್ದಳು.

ಕಂಪೌಂಡರು ದಪ್ಪ ಪುಸ್ತಕ ತೆಗೆದು, ಆ ಮಾರುದ್ದದ ಹೆಸರಿನ ಮೇಲೆ ಬೆರಳಿಟ್ಟು ಹುಡುಕಿದರು. "ಇದು ನಮ್ಮ ಲುಮಿನಾಲ್ ರೀ ಮಾಸ್ತರ್. ಅಲ್ಲಿ ಆ ಹೆಸರು, ಇಲ್ಲಿ ಈ ಹೆಸರು. ಪುಡಿ ಐತಿ ನಮ್ಮಲ್ಲಿ." ನನಗೆ ಹಿಗ್ಗೋ ಹಿಗ್ಗು. ಅವರು ಬಾಟ್ಲಿ ಇಳಿಸಿ, ತಕ್ಕಡಿಯ ಮುಂದೆ ಹತ್ತು ಗ್ರೇನಿನ ಕಲ್ಲು ಇಟ್ಟರು. ಆಮೇಲೆ ಬಾಟ್ಲಿಯ ಮುಚ್ಚಳ ತೆಗೆಯದೆ ಅಕ್ಕನ ಬಟ್ಟೆಗಂಟು ಬಿಚ್ಚಿ, ಗುಳಿಗೆಯನ್ನು ತಟ್ಟೆಗೆ ಹಾಕಿ ತೂಗಿದರು. ಇನ್ನೊಂದು ಸಲ ತೂಗಿದರು.

"ಮಾಸ್ತರ್, ಈ ಗುಳಿಗಿ ಇಡೀದು ತೂಗಿದ್ರೂ ಮೂರು ಗ್ರೇನ್ ಆಗವಲ್ದು. ಇದರಾಗ ಹತ್ತು ಗ್ರೇನ್ ದವಾ ಹೆಂಗ ಕುಂತೈತಿ?"

"ಫ್ರೆಂಚ್ ಡಾಕ್ಟರ್ ಬರದಾನ್ರೀ" ಎಂದೆ.

"ಅವ ಬರದದ್ದು ತೋರಿಸ್ರಿ."

ಮೂಲ ಹಾಳೆ ಕೊಟ್ಟೆ. ಆ ಮನುಷ್ಯನಿಗೆ ಒಂದಕ್ಷರ ಫ್ರೆಂಚ್ ಬಾರದು. ಬೆರಳು ಮಾತ್ರ ನೆಟ್ಟಗೆ ಆ ಸೊನ್ನೆಯ ಮೇಲೆ ಹೋಗಿ ನಿಂತಿತು. "ಇದನ್ನ ಯಾಕ ಬಿಟ್ರಿ?"

ಆಗ ನನ್ನ ತಲೆಗೆ ಹೊಳೆಯಿತು. ಅದು ಗ್ರೇನ್ ಅಲ್ಲ, ಗ್ರಾಂ. ನಾವು ಚುಕ್ಕೆ ಇಡುವ ಜಾಗದಲ್ಲಿ ಅವರು ಗ್ರಾಮಿನ ಗುರುತು ಇಟ್ಟಿದ್ದರು. ಸೊನ್ನೆ ಗ್ರಾಂ, ಮೇಲೆ ಗ್ರಾಮಿನ ನೂರರಲ್ಲಿ ಹತ್ತು ಪಾಲು. ನಮ್ಮ ತೂಕದಲ್ಲಿ ಒಂದೂವರೆ ಗ್ರೇನು. ನಾನು ಅದನ್ನು ಆರು ಪಟ್ಟಿಗಿಂತ ಹೆಚ್ಚು ಮಾಡಿದ್ದೆ.

"ಹತ್ತು ಗ್ರೇನ್ ದಿನಕ್ಕ ಎರಡು ಸಲ ಕೊಟ್ಟಿದ್ರ ಏನಾಗ್ತಿತ್ರೀ?" ಎಂದು ಕೇಳಿದೆ.

"ಮಲಕೊಂಡಾಂವ ಏಳ್ತಿದ್ದಿಲ್ಲ" ಎಂದು ಹತ್ತು ಗ್ರೇನಿನ ಕಲ್ಲನ್ನು ಪೆಟ್ಟಿಗೆಗೆ ಹಾಕಿದರು.

ಅವರು ಬೈಯಲಿಲ್ಲ. ಹೊಸ ಕಾಗದ, ಮಸಿ ಕುಡಿಕೆ ಮುಂದಿಟ್ಟರು. "ಅಂಕಿ ಹೆಂಗ ಅದಾವೋ ಹಂಗ ಇಳಸ್ರಿ. ಬಾಜೂಕ ಅಕ್ಷರದಾಗೂ ಬರೀರಿ. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ರಿ. ಈಗ ಸಾಹೇಬರ ಸಹಿ ಇಲ್ಲದ ನಾ ಬಾಟ್ಲಿ ಮುಚ್ಚಳ ತಗಿಯಂಗಿಲ್ಲ." ಈ ಹೊಸ ಪ್ರತಿಯಲ್ಲಿ ನಾಲ್ಕು ಕಡೆ 'ತಿಳಿಯದು' ಎಂದು ಬರೆದೆ. ಅಷ್ಟು ಕಷ್ಟಪಟ್ಟು ನಾನು ಬೇರೆ ಯಾವ ಪದವನ್ನೂ ಬರೆದಿಲ್ಲ.

ಮೋಟಾರು ಹಿಡಿದು ಸಿಂಧನೂರಿಗೆ ಹೋದೆ. ಡಾಕ್ಟರ್ ಸಾಹೇಬರು ಮುಸಾಫಿರ್‌ಖಾನೆಯಲ್ಲಿ ಚಹಾ ಕುಡಿಯುತ್ತ ನನ್ನ ಪ್ರತಿ ಓದಿದರು. 'ಟಿ.ಎ. 12/7' ಎಂಬಲ್ಲಿ ನಕ್ಕರು. "ಇದು ರಕ್ತದ ಒತ್ತಡ. ನಾವು ಮಿಲಿಮೀಟರಿನಲ್ಲಿ ಬರೆಯುತ್ತೇವೆ, ಅವರು ಸೆಂಟಿಮೀಟರಿನಲ್ಲಿ. ನೂರಿಪ್ಪತ್ತಕ್ಕೆ ಎಪ್ಪತ್ತು, ನಿಮ್ಮ ಭಾವ ಗಟ್ಟಿ ಇದ್ದಾರೆ." ನಾಲಿಗೆ ಕಚ್ಚಿಕೊಂಡದ್ದು, ನೊರೆ ಬಂದದ್ದು ಓದಿ, ನಾನು 'ತಿಳಿಯದು' ಎಂದಿದ್ದ ರೋಗದ ಹೆಸರಿನ ಪಕ್ಕ ತಾವೇ 'ಮೂರ್ಛೆರೋಗ' ಎಂಬುದಕ್ಕೆ ಇಂಗ್ಲಿಷ್ ಪದ ಬರೆದರು. ಪ್ರಮಾಣದ ಮುಂದೆ ಅಂಕಿಯಲ್ಲೂ ಅಕ್ಷರದಲ್ಲೂ ಒಂದೂವರೆ ಗ್ರೇನು ಎಂದು ಬರೆದು ಸಹಿ ಮಾಡಿದರು. ಫ್ರೆಂಚರು ಮೂರ್ಛೆರೋಗಕ್ಕೇ 'ಸಭೆಯ ರೋಗ' ಎನ್ನುತ್ತಾರೆಂದು ನನಗೆ ಆಗ ಅರ್ಥವಾಯಿತು; ಸಭೆಯ ಬಿಕ್ಕಟ್ಟಿನ ಸಂಗತಿ ಅವರಿಗೆ ನಾನು ಹೇಳಲಿಲ್ಲ.

ಮರುದಿನ ಕಂಪೌಂಡರ ಹತ್ತಿರ ಪುಡಿಯ ಪೊಟ್ಟಣಗಳನ್ನು ಕಟ್ಟಿಸಿಕೊಂಡು ಸಂಜೆ ಮಸ್ಕಿಗೆ ಬಂದೆ. ಸೀಸೆಯಲ್ಲಿ ಎರಡೇ ಗುಳಿಗೆ ಇದ್ದವು. ಭಾವ ಜಗಲಿಯ ಮೇಲೆ ಕೂತು ಯಾರೊಡನೆಯೋ ಧೋತರದ ದರಕ್ಕೆ ಜಗಳವಾಡುತ್ತಿದ್ದ. ಅವನ ಜಗಳ ಕೇಳಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಒಳಗೆ ಹೋದರೆ ದೇವರ ಮಾಡದಲ್ಲಿ ನನ್ನ ಮೊದಲ ಪ್ರತಿ! ಅಕ್ಕ ಅದಕ್ಕೆ ವಿಭೂತಿ ಹಚ್ಚಿ, ಹೂವು ಏರಿಸಿದ್ದಳು. ಸರಿಯಾಗಿ 'ಜಿ.ಆರ್. 10' ಎಂಬುದರ ಮೇಲೆ. ಅದನ್ನು ಎಳೆದು ಒಲೆಗೆ ಹಾಕಿದೆ.

"ಹುಚ್ಚ ಹಿಡದೈತೇನಲೇ? ಅದು ಅವರ ಜೀವ ಉಳಿಸೋ ಕಾಗದ!" ಎಂದು ಚೀರಿದಳು.

"ಅಲ್ಲಬೇ ಯಕ್ಕಾ, ತಗಿಯೋ ಕಾಗದ" ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತ ಅಳು ಬಂತು.

ಕಾಗದ ಪೂರ್ತಿ ಬೂದಿಯಾಗುವವರೆಗೂ ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿ, ನಾನು ವಾಪಸು ತಂದಿದ್ದ ಆ ಒಂದು ಗುಳಿಗೆಯನ್ನು ಬಟ್ಟೆಗಂಟಿನ ಸಮೇತ ಮಾಡದಲ್ಲಿ ಆ ಕಾಗದವಿದ್ದ ಜಾಗದಲ್ಲಿಟ್ಟಳು.

"ಇದನ್ನ ಯಾರಿಗೂ ಕೊಡಂಗಿಲ್ಲ" ಎಂದಳು. "ಇದು ಇಲ್ಲೇ ಇರ್ಲಿ."