ಬೇಳೆ ಬಸಿದ ನೀರು

ಎಂಬತ್ತರ ದಶಕದ ನಡುವಿನ ಮಾತು. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಊಟ ನೋಡಿಕೊಳ್ಳುವ ಡಯಟಿಷಿಯನ್ ನಾನು. ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಬಸ್ಸು ಸ್ವಲ್ಪ ತಡವಾದರೂ ಸ್ಟ್ಯಾಂಡಿನಲ್ಲಿ ಅತ್ತಿಂದಿತ್ತ ತಿರುಗುವವಳು. ಒಂದು ಭಾನುವಾರ ತಾಯಿಯ ತವರು ಕುರುಗೋಡಿಗೆ ಹೋದಾಗ ನನ್ನ ತಾಯಿಯ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಲಿಂಗಪೂಜೆ ಮುಗಿಸಿ ನೆಲದ ಮೇಲೆಯೇ ಇದ್ದಳು. ಏಳಲು ನೋಡಿದಳು, ಆಗಲಿಲ್ಲ. ಸೋದರಮಾವ ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿದ, ಹಿತ್ತಲ ಪಾಯಿಖಾನೆಗೆ ಕರೆದೊಯ್ದ, ಅಲ್ಲಿ ಕೂರಿಸಿ ಮತ್ತೆ ಎತ್ತಿ ತಂದ. ಅಜ್ಜಿ ಅಷ್ಟು ಹೊತ್ತೂ ಮುಖ ಗೋಡೆಗೆ ತಿರುಗಿಸಿಕೊಂಡಿದ್ದಳು. ನನಗೆ ನೋಡಲಾಗಲಿಲ್ಲ.

ಹಟ ಹಿಡಿದು ನಮ್ಮ ಆಸ್ಪತ್ರೆಗೆ ಕರೆತಂದೆ. ತೂಕ ನಲವತ್ತೈದು ಕಿಲೋ. ಕಿಡ್ನಿ ಚೆನ್ನಾಗಿದೆ, ಬೇರೆ ರೋಗವಿಲ್ಲ, ವಯಸ್ಸಿಗೆ ಮಾಂಸಖಂಡ ಕರಗುತ್ತಿದೆ, ಮೂಳೆಯೂ ಸೊರಗಿದೆ ಎಂದರು ಡಾಕ್ಟರು. ವಿಟಮಿನ್ ಡಿ ಬೆರೆತ ಕ್ಯಾಲ್ಸಿಯಂ ಗುಳಿಗೆ ದಿನಕ್ಕೆ ಎರಡು, ಡಿ ಒಟ್ಟು ಎಂಟುನೂರು ಯೂನಿಟ್. ಡಿ ಮೈಗೆ ಬಿಸಿಲಿನಿಂದ ಬರುವುದು; ಬಳ್ಳಾರಿಯಲ್ಲಿ ಬಿಸಿಲಿಗೆ ಬರವೇ ಅನ್ನಬೇಡಿ. ಆ ಬಿಸಿಲಿಗೆ ಹೆದರಿಯೇ ಅಜ್ಜಿ ವರ್ಷಗಳಿಂದ ನಡುಮನೆ ಬಿಟ್ಟು ಬಂದಿರಲಿಲ್ಲ. ಪ್ರೋಟೀನು ದಿನಕ್ಕೆ ಐವತ್ತು ಗ್ರಾಂ ಆಸುಪಾಸು ಬೇಕಿತ್ತು, ಅಂದರೆ ಕಿಲೋ ತೂಕಕ್ಕೆ ಒಂದು ಗ್ರಾಂಗಿಂತ ತುಸು ಮೇಲೆ. ಮಾಂಸ ಮೊಟ್ಟೆ ಮುಟ್ಟದ ಮನೆ. ಬೇಳೆ ಚೆನ್ನಾಗಿ ಕೊಡಿ ಅಂತ ಮಾವನ ಹೆಂಡತಿಗೆ, ನನ್ನ ಅತ್ತೆಗೆ, ಹೇಳಿ ಅಜ್ಜಿಯನ್ನು ಊರಿಗೆ ಕಳಿಸಿದೆ.

ತಿಂಗಳು ಬಿಟ್ಟು ಕುರುಗೋಡಿಗೆ ಹೋದೆ. ಅಜ್ಜಿ ಹಾಗೇ ಇದ್ದಳು, ತೊಡೆ ಇನ್ನಷ್ಟು ಬತ್ತಿತ್ತು. ದಿನಾ ಎರಡು ಹೊತ್ತೂ ಬೇಳೆ ಕೊಡ್ತೀನಿ ಎಂದು ಅತ್ತೆ ಆಣೆ ಮಾಡಿದಳು. ನನ್ನ ಬೇಳೆ ಈ ಮನೆಯಲ್ಲಿ ಬೇಯುವುದಿಲ್ಲ ಅಂದುಕೊಂಡು ಉರಿಯುತ್ತ, ಊಟದ ಹೊತ್ತಿಗೆ ಅಡುಗೆಮನೆಗೇ ನುಗ್ಗಿದೆ. ಅತ್ತೆ ಬೆಂದ ತೊಗರಿಬೇಳೆಯನ್ನು ಬಸಿದು, ತಿಳಿನೀರನ್ನು ಅಜ್ಜಿಯ ಅನ್ನದ ಗಂಜಿಗೆ ಸುರಿಯುತ್ತಿದ್ದಳು. ಕೆಳಗುಳಿದ ಬೇಳೆ ಒಗ್ಗರಣೆ ಹಾಕಿಸಿಕೊಂಡು ಮಾವನ ತಾಟಿಗೆ ಹೋಗುವುದಿತ್ತು.

“ಸತ್ವೆಲ್ಲಾ ಕಟ್ಟಿನ್ಯಾಗ ಇಳದಿರ್ತೈತಿ. ಹಲ್ಲಿಲ್ಲದವ್ರಿಗೆ ಬ್ಯಾಳಿ ಅಂದ್ರ ಇದ,” ಅಂದಳು ಅತ್ತೆ.

ಬೇಳೆ ಬಸಿದ ನೀರಿಗೆ ನಮ್ಮಲ್ಲಿ ಕಟ್ಟು ಅನ್ನುತ್ತಾರೆ. ಹೋಳಿಗೆಯ ದಿನ ಅದರ ಸಾರಿಗೆ ನಾನೂ ಬಾಯಿ ಬಿಡುತ್ತೇನೆ. ಆದರೆ ಒಂದು ಬಟ್ಟಲು ಕಟ್ಟಿನಲ್ಲಿ ಒಂದೆರಡು ಗ್ರಾಂ ಪ್ರೋಟೀನು ಇದ್ದರೆ ಹೆಚ್ಚು. ಅತ್ತೆ ಸಿರುಗುಪ್ಪದ ಗದ್ದೆ ಸೀಮೆಯವಳು; ಮುದುಕರಿಗೆ ಅನ್ನದ ಗಂಜಿ, ಕಟ್ಟು ಎನ್ನುವುದು ಅವಳ ತವರಿನ ರೂಢಿ. ಪ್ರೀತಿಯಿಂದಲೇ ಅಜ್ಜಿಯನ್ನು ಉಪವಾಸ ಕೆಡವಿದ್ದಳು.

ಆಮೇಲೆ ಕುರುಗೋಡಿನ ಜೋಳಕ್ಕೇ ಮರಳಿದೆವು. ಹೊತ್ತಿಗೆ ಎರಡು ತೆಳು ರೊಟ್ಟಿ ಮುರಿದು ಒಂದು ದೊಡ್ಡ ಲೋಟ ಹಾಲಿನಲ್ಲಿ ನೆನೆಸುವುದು, ಜೊತೆಗೆ ಒಂದು ಹಿಡಿ ಬೇಳೆ ಬೇಯಿಸಿ, ಬಸಿಯದೆ, ಗಟ್ಟಿಯಾಗಿ ಮಸೆದದ್ದು. ಹೀಗೆ ಎರಡು ಹೊತ್ತು. ಹೊತ್ತಿಗೆ ಇಪ್ಪತ್ತೈದು ಗ್ರಾಂ ಪ್ರೋಟೀನು ಹತ್ತಿರ ಹತ್ತಿರ ಕೂಡಿಬರುತ್ತದೆ. ನಾನು ಓದುವಾಗ, ಪ್ರೋಟೀನಿನಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅಂದರೆ ಜೋಳದಲ್ಲಿ ಅತಿಯಾಗಿರುವ ಅವಗುಣ ಎಂದೇ ಪಾಠ ಹೇಳಿದ್ದರು. ಈಗ ನೋಡಿದರೆ ಮುದಿ ಮಾಂಸಖಂಡವನ್ನು ಎಬ್ಬಿಸುವುದೇ ಅದು, ಹೊತ್ತಿನ ಊಟದಲ್ಲಿ ಎರಡೂವರೆ ಮೂರು ಗ್ರಾಂ ಇರಲಿ ಅನ್ನುತ್ತಾರೆ. ಆ ತಾಟಿನಲ್ಲಿ ಹೆಚ್ಚುಕಡಿಮೆ ಅಷ್ಟು ಇತ್ತು, ನಮಗೇ ಗೊತ್ತಿಲ್ಲದೆ.

ಆದರೆ ಅಜ್ಜಿ ಉಣ್ಣಬೇಕಲ್ಲ! ಅರ್ಧ ತಾಟು ದೂಡಿಬಿಡುತ್ತಿದ್ದಳು, ನೀರೂ ಮುಟ್ಟುತ್ತಿರಲಿಲ್ಲ. ನಾನು ರೇಗಿದೆ. ಆಗ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

“ಉಂಡ್ರ, ಕುಡುದ್ರ ಹಿತ್ತಲಕ್ಕ ಹೋಗಬೇಕಾಕ್ಕೈತಿ, ತಂಗಿ. ಹೊಟ್ಟ್ಯಾಗ ಹುಟ್ಟಿದ ಮಗ ನನ್ನ ಸೀರಿ ಹಿಡಕೊಂಡು ನಿಂದ್ರತಾನ. ಅದಕ್ಕಿಂತ ಸಾಯೂದು ಚಲೋ.”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವತ್ತಿನಿಂದ ಅತ್ತೆ ಜೊತೆಗೆ ಹೋಗುವುದು, ಮಾವ ಹೋಗಬಾರದು ಎಂದು ಮಾತಾಯಿತು. ಬರೀ ಉಂಡರೆ ಖಂಡ ಬೆಳೆಯದು. ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವನ್ನೂ ಮಾಡಿಸಿದೆವು, ಬೆಳಗಿನ ಬಿಸಿಲಿನಲ್ಲಿ, ಮನೆ ಮುಂದಿನ ಕಟ್ಟೆಯ ಹತ್ತಿರ. ಅಜ್ಜಿ ನನ್ನನ್ನು ಬೈದಳು, ಮತ್ತೆ ಎದ್ದಳು. ಬಳ್ಳಾರಿಯಲ್ಲಿ ನನಗೆ ಕೆಲಸದ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ. ಅವಳು ಬಿದ್ದರೆ ಗತಿಯೇನು ಎಂಬ ಚಿಂತೆಯಲ್ಲೇ ವಾರ ಕಳೆಯುತ್ತಿತ್ತು.

ಮೂರು ತಿಂಗಳು ದಾಟಿತ್ತು. ಒಂದು ಮಧ್ಯಾಹ್ನ ಊಟ ಮಾಡಿ ಅಜ್ಜಿ ಕಂಬಕ್ಕೆ ಕೈ ಕೊಟ್ಟು ಎದ್ದಳು. ಮೊದಲ ಸಲ ಮೊಣಕಾಲು ಸೋತಿತು, ಎರಡನೆಯ ಸಲ ನಿಂತಳು. ಮಾವ ಧಾವಿಸಿ ಬಂದ. “ಕುಂದ್ರಪಾ,” ಎಂದಳು ಅಜ್ಜಿ. ಅತ್ತೆಗೂ ಬೇಡವೆಂದು ಕೈ ಮಾಡಿದಳು. ಗೋಡೆ ಹಿಡಿದು ಹಿತ್ತಲು ದಾಟಿದಳು, ಒಳಗಿನಿಂದ ಚಿಲಕ ಹಾಕಿಕೊಂಡಳು. ನಾವು ಮೂವರೂ ಹಿತ್ತಲ ಬಾಗಿಲಲ್ಲಿ ಕಾದು ನಿಂತೆವು. ಮಾವನ ಕಣ್ಣು ತುಂಬಿತ್ತು.

ಹೊರಗೆ ಬಂದ ಅಜ್ಜಿ ಒಂದು ತಂಬಿಗೆ ನೀರು ಕೇಳಿ, ನಿಂತುಕೊಂಡೇ ಪೂರ್ತಿ ಕುಡಿದಳು.